ನಕ್ಷೆಯಲ್ಲಿ ಮೂವತ್ತಡಿ, ನೆಲದಲ್ಲಿ ಇಪ್ಪತ್ತೊಂಬತ್ತೂವರೆ

ಬೆಂಗಳೂರಿನ ದಕ್ಷಿಣ ಭಾಗದಲ್ಲಿ ಮನೆ ನಕ್ಷೆ ಬರೆದುಕೊಂಡೇ ಸಂಸಾರ ನಡೆಸಿದ ಎಂಜಿನಿಯರೊಬ್ಬರಿದ್ದಾರೆ. ತೊಂಬತ್ತರ ದಶಕದಲ್ಲಿ ಕೆಲಸ ಹಿಡಿದಾಗ ಅವರ ಬಂಡವಾಳವೆಂದರೆ ಒಂದು ಡ್ರಾಯಿಂಗ್ ಬೋರ್ಡು, ಮೂರು ದಪ್ಪದ ಇಂಕ್ ಪೆನ್ನು, ತಪ್ಪಿದ ಗೆರೆಯನ್ನು ಕೆರೆದು ತೆಗೆಯಲು ಅರ್ಧ ಬ್ಲೇಡು. ಟ್ರೇಸಿಂಗ್ ಹಾಳೆಯ ಮೇಲೆ ಬರೆದದ್ದನ್ನು ಅಂಗಡಿಗೆ ಒಯ್ದು ಅಮೋನಿಯಾ ಪ್ರಿಂಟ್ ಹಾಕಿಸಬೇಕಿತ್ತು. ಅಂಗಡಿಯೊಳಗೆ ಕಾಲಿಟ್ಟರೆ ಕಣ್ಣಲ್ಲಿ ನೀರು. ಆ ನೀಲಿ ಗೆರೆಯ ಪ್ರತಿಗಳನ್ನು ಮಡಚಿ, ಕ್ರಯಪತ್ರ, ಖಾತಾ, ಕಂದಾಯದ ರಸೀದಿಗಳ ಜೊತೆ ದಾರ ಹಾಕಿ ಕಟ್ಟಿ, ಪಾಲಿಕೆಯ ಉಪವಿಭಾಗ ಕಚೇರಿಯ ಟಪಾಲಿಗೆ ಕೊಟ್ಟರೆ ಒಂದು ಫೈಲು ಹುಟ್ಟುತ್ತಿತ್ತು.

ಹುಟ್ಟಿದ ಫೈಲು ನಡೆಯಬೇಕಲ್ಲ. ಗುಮಾಸ್ತರು ದಾಖಲೆ ನೋಡಿ ಟಿಪ್ಪಣಿ ಬರೆಯಬೇಕು, ಸಹಾಯಕ ಎಂಜಿನಿಯರು ನಿವೇಶನಕ್ಕೆ ಬಂದು ಟೇಪು ಹಿಡಿದು ವರದಿ ಕೊಡಬೇಕು, ಅದನ್ನು ನೋಡಿ ಮೇಲಿನವರು ಶುಲ್ಕದ ಲೆಕ್ಕ ಹಾಕಬೇಕು. ಹಣ ಕಟ್ಟಿದ ಮೇಲೆ ನಕ್ಷೆಗೆ ಮೊಹರು. ಸಾಹೇಬರು ಚುನಾವಣಾ ಕೆಲಸಕ್ಕೆ ಹೋದರೆ ಫೈಲಿಗೂ ರಜೆ. ಮಳೆಗಾಲದಲ್ಲಿ ಮೋರಿ ಉಕ್ಕಿದರಂತೂ ಸಹಾಯಕ ಎಂಜಿನಿಯರು ಟೇಪು ಹಿಡಿದು ಬರುವ ಮಾತೇ ಇಲ್ಲ, ಏಕೆಂದರೆ ರಸ್ತೆ, ಚರಂಡಿ, ಕಸ, ನಕ್ಷೆ ಎಲ್ಲವೂ ಅದೇ ಒಬ್ಬ ಮನುಷ್ಯನ ತಲೆಯ ಮೇಲೆ. ವಿಳಂಬ ಎಂದರೆ ಆಗ ಮೇಜಿನಿಂದ ಮೇಜಿಗೆ ಫೈಲು ದಾಟದಿರುವುದು ಎಂದೇ ಎಲ್ಲರ ತಿಳಿವಳಿಕೆ.

ಕಾನೂನು ಅಷ್ಟು ಸಮಯ ಕೊಟ್ಟಿರಲಿಲ್ಲ. ಎಲ್ಲ ಸರಿಯಿದ್ದ ಅರ್ಜಿಗೆ 30 ದಿನದೊಳಗೆ ಹೌದು ಅಥವಾ ಇಲ್ಲ ಎನ್ನಬೇಕೆಂಬುದು ಉಪವಿಧಿಗಳಲ್ಲೇ ಇತ್ತು. ಆಮೇಲೆ 2011ರಲ್ಲಿ ಸಕಾಲ ಕಾಯ್ದೆ ಬಂತು, ಮರುವರ್ಷ ಜಾರಿಯಾಯಿತು. ಆದರೆ ‘ಎಲ್ಲ ಸರಿಯಿದ್ದ’ ಎಂಬ ಮಾತಿನಲ್ಲೇ ಕೀಲಿ ಇರುವುದು. ಒಂದು ಆಕ್ಷೇಪಣೆ ಬರೆದು ಫೈಲನ್ನು ವಾಪಸು ಕಳಿಸಿದರೆ ದಿನದ ಲೆಕ್ಕ ಅಲ್ಲಿಗೆ ನಿಲ್ಲುತ್ತದೆ. ಗಡುವು ಹತ್ತಿರವಾಗುತ್ತಿದ್ದಂತೆ ಆಕ್ಷೇಪಣೆ ಹೊಳೆಯುವುದನ್ನು ಈ ಎಂಜಿನಿಯರು ಎಷ್ಟೋ ಸಲ ಕಂಡಿದ್ದಾರೆ. ಮಾಮೂಲಿಯ ಮಾತೂ ಇಲ್ಲೇ ಬರುವುದು. ಹುಳುಕಿಲ್ಲದ ಫೈಲಿಗೆ ಕೈಚಾಚುವುದು ಕಷ್ಟ, ಹುಳುಕಿದ್ದದ್ದಕ್ಕೆ ಸಲೀಸು. ಮತ್ತು ನಗರದ ಹೆಚ್ಚಿನ ಫೈಲುಗಳಲ್ಲಿ ಏನಾದರೊಂದು ಹುಳುಕು ಇದ್ದೇ ಇರುತ್ತಿತ್ತು.

ಹುಳುಕಿನ ಮೂಲ ನಕ್ಷೆಯಲ್ಲಿರಲಿಲ್ಲ, ಖಾತೆಯಲ್ಲಿತ್ತು. ತಂದೆ ತೀರಿಕೊಂಡು ವರ್ಷಗಳಾದರೂ ಖಾತೆ ಅವರ ಹೆಸರಿನಲ್ಲೇ. ಕ್ರಯಪತ್ರದ ಚೆಕ್ಕುಬಂದಿಯಲ್ಲಿ ಪೂರ್ವಕ್ಕೆ ರಸ್ತೆ, ಖಾತಾ ನಕಲಿನಲ್ಲಿ ಪಶ್ಚಿಮಕ್ಕೆ ರಸ್ತೆ. ಇದನ್ನು ಸರಿಮಾಡುವವರು ನಕ್ಷೆ ಮಂಜೂರು ಮಾಡುವ ಎಂಜಿನಿಯರಲ್ಲ, ಕಂದಾಯ ವಿಭಾಗದವರು. ಅಲ್ಲಿಂದ ಕಾಗದ ತಿದ್ದಿ ಬರುವವರೆಗೆ ನಕ್ಷೆಯ ಅರ್ಜಿಯನ್ನೇ ಹಾಕುವಂತಿಲ್ಲ, ಹಾಗಾಗಿ ಈ ತಿಂಗಳುಗಳು ಯಾವ ಗಡುವಿನ ಲೆಕ್ಕಕ್ಕೂ ಬರುವುದಿಲ್ಲ. ಮನೆ ಕಟ್ಟಿಸುವವನ ಲೆಕ್ಕಕ್ಕೆ ಮಾತ್ರ ಬರುತ್ತವೆ. ಬಾಡಿಗೆ ಅವನೇ ಕಟ್ಟುತ್ತಿರುತ್ತಾನೆ.

2007ರಲ್ಲಿ ಸುತ್ತಲಿನ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬಿಬಿಎಂಪಿ ಮಾಡಿದಾಗ ಈ ತೊಡಕು ಹತ್ತು ಪಟ್ಟಾಯಿತು. ಬಡಾವಣೆಯ ಅನುಮೋದನೆಯೇ ಇಲ್ಲದ ರೆವಿನ್ಯೂ ನಿವೇಶನಗಳು, ಪಂಚಾಯಿತಿ ಕಾರ್ಯದರ್ಶಿಯ ಸಹಿಯ ಮೇಲೆ ಎದ್ದ ಮನೆಗಳು ಎಲ್ಲ ಪಾಲಿಕೆಯ ಪಾಲಾದವು. ತೆರಿಗೆ ಬೇಕು, ಮಾನ್ಯತೆ ಕೊಡಲಾಗದು. ಅಂಥವನ್ನೆಲ್ಲ ಬೇರೆ ಪುಸ್ತಕದಲ್ಲಿ ಬರೆದುಕೊಂಡರು, ಅದಕ್ಕೆ ಜನ ‘ಬಿ ಖಾತಾ’ ಅಂದರು. ಬಿ ಖಾತೆಗೆ ನಕ್ಷೆ ಮಂಜೂರಾತಿ ಇರಲಿಲ್ಲ. ಮಂಜೂರಾತಿ ಇಲ್ಲವೆಂದು ಯಾರೂ ಮನೆ ಕಟ್ಟದೆ ಕೂರಲಿಲ್ಲ. ಅಲ್ಲಿ ವಿಳಂಬವೇ ಆಗಲಿಲ್ಲ, ಏಕೆಂದರೆ ಅರ್ಜಿಯೇ ಹುಟ್ಟಲಿಲ್ಲ.

ಆಮೇಲೆ ಕಂಪ್ಯೂಟರು ಬಂತು. ನಕ್ಷೆಯನ್ನು ಆನ್‌ಲೈನಿನಲ್ಲಿ ಸಲ್ಲಿಸಿದರೆ ತಂತ್ರಾಂಶವೇ ಸೆಟ್‌ಬ್ಯಾಕ್, ನೆಲವಿಸ್ತಾರ, ಎತ್ತರ, ಪಾರ್ಕಿಂಗ್ ಎಲ್ಲವನ್ನೂ ಅಳೆಯುವ ವ್ಯವಸ್ಥೆ. ಹಳಬರಿಗೆ ಅದು ಮೊದಲು ದೊಡ್ಡ ಕಿರಿಕಿರಿ. ಕಾಗದದ ಮೇಲೆ ಒಂದು ಗೋಡೆಯೆಂದರೆ ಎರಡು ಗೆರೆ, ಮುಗಿಯಿತು. ಇಲ್ಲಿ ನಿವೇಶನದ ಗಡಿ ಒಂದು ಪದರದಲ್ಲಿ, ಕಟ್ಟಡ ಇನ್ನೊಂದರಲ್ಲಿ, ಪಾರ್ಕಿಂಗ್ ಮತ್ತೊಂದರಲ್ಲಿ ಇರಬೇಕು. ಪ್ರತಿಯೊಂದೂ ಮುಚ್ಚಿದ ಆಕೃತಿಯಾಗಿರಬೇಕು. ಮೂಲೆಯಲ್ಲಿ ಎರಡು ಗೆರೆ ಕೂದಲೆಳೆಯಷ್ಟು ಕೂಡದಿದ್ದರೂ ಯಂತ್ರಕ್ಕೆ ಅದು ಕೋಣೆಯಲ್ಲ, ವಿಸ್ತೀರ್ಣ ಸೊನ್ನೆ, ನಕ್ಷೆ ತಿರಸ್ಕೃತ. ಪರದೆಯನ್ನು ಹತ್ತಾರು ಪಟ್ಟು ಹಿಗ್ಗಿಸಿ ಆ ಬಿರುಕನ್ನು ಹುಡುಕುವ ಕೆಲಸವನ್ನು ಅವರು ಕೊನೆಗೆ ತಮ್ಮ ಕಚೇರಿಯ ಹುಡುಗನಿಗೆ ವಹಿಸಿದರು. ಆದರೂ ಕಲಿತ ಮೇಲೆ ಲಾಭ ಕಂಡಿತು. ಲೆಕ್ಕದ ವಿಷಯದಲ್ಲಿ ಯಾರೊಡನೆಯೂ ವಾದ ಮಾಡಬೇಕಿಲ್ಲ.

2024ರಲ್ಲಿ ಬಂದ ‘ನಂಬಿಕೆ ನಕ್ಷೆ’ ಇನ್ನೊಂದು ಹೆಜ್ಜೆ ಮುಂದೆ ಹೋಯಿತು. 50×80 ಅಡಿವರೆಗಿನ ನಿವೇಶನದಲ್ಲಿ ನಾಲ್ಕು ಮನೆಗಳವರೆಗಿನ ವಾಸದ ಕಟ್ಟಡವಾದರೆ, ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಹೊಣೆಯ ಮೇಲೆ ತಾತ್ಕಾಲಿಕ ಮಂಜೂರಾತಿ ಕೂಡಲೇ ಸಿಗುತ್ತದೆ, ದಾಖಲೆಯ ಪರಿಶೀಲನೆ ಆಮೇಲೆ. ಹೀಗೆ ಮೇಜಿನ ಮೇಲೆ ಮಲಗುತ್ತಿದ್ದ ಫೈಲು ಎದ್ದು ನಡೆಯಿತು. ವಿಳಂಬ ಮಾತ್ರ ಊರು ಬಿಡಲಿಲ್ಲ. ನಡುವಿನಿಂದ ಎರಡು ತುದಿಗೆ ಸರಿಯಿತು. ಒಂದು ತುದಿ ಖಾತೆ, ಇನ್ನೊಂದು ಸ್ವಾಧೀನಾನುಭವ ಪತ್ರ, ಅಂದರೆ ಎಲ್ಲರ ಬಾಯಲ್ಲಿರುವ ಓಸಿ.

ಓಸಿಯ ತುದಿಯಲ್ಲಿ ಏನಾಗುತ್ತದೆಂಬುದಕ್ಕೆ ಅವರು ಕಂಡ ಒಂದು 30×40 ನಿವೇಶನವನ್ನೇ ನೋಡಬಹುದು. 1200 ಚದರಡಿ. 2007ರಲ್ಲಿ ಪ್ರಕಟವಾದ ಮಹಾಯೋಜನೆಯ ಲೆಕ್ಕದಲ್ಲಿ ನೆಲವಿಸ್ತಾರದ ಅನುಪಾತ 1.75, ಎಂದರೆ ಎಲ್ಲ ಮಹಡಿ ಸೇರಿ 2100 ಚದರಡಿ ಕಟ್ಟಬಹುದು. ನೆಲದ ಮೇಲೆ ಮುಕ್ಕಾಲು ಭಾಗ, 900 ಚದರಡಿಗಿಂತ ಹೆಚ್ಚು ಹರಡಬಾರದು. ಮಾಲೀಕರು ಸರ್ಕಾರಿ ಕೆಲಸದಿಂದ ನಿವೃತ್ತರಾಗುವ ಹೊಸ್ತಿಲಲ್ಲಿದ್ದವರು, ಒಂದು ಚದರಡಿಯೂ ಹೆಚ್ಚು ಬೇಡ ಎಂದವರು. ನಕ್ಷೆ ಅಚ್ಚುಕಟ್ಟಾಗಿತ್ತು. ಎಡಬದಿಯಲ್ಲಿ ಒಂದು ಮೀಟರ್ ಖಾಲಿ ಬಿಡುವುದಾಗಿ ತೋರಿಸಿತ್ತು, ಮಂಜೂರೂ ಆಯಿತು.

ಪಾಯ ತೆಗೆಯುವ ದಿನ ಮೇಸ್ತ್ರಿ ಬಲಗಡೆಯ ಗಡಿಯಿಂದ ಅಳತೆ ಹಿಡಿದು ಸುಣ್ಣದ ಗೆರೆ ಹಾಕಿದ. ಎಡಗಡೆ ಪಕ್ಕದ ಮನೆಯ ಕಾಂಪೌಂಡ್ ಹಳೆಯದು, ಬೇರುಬಿಟ್ಟ ಹಾಗೆ ನಿಂತಿತ್ತು. ಅದು ಇವರ ಜಾಗದೊಳಗೆ ಆರಿಂಚು ಸರಿದು ಕಟ್ಟಿದ್ದೆಂದು ಯಾರಿಗೂ ಗೊತ್ತಿರಲಿಲ್ಲ. ಕ್ರಯಪತ್ರದಲ್ಲಿ 30 ಅಡಿ, ನೆಲದಲ್ಲಿ ಇಪ್ಪತ್ತೊಂಬತ್ತೂವರೆ. ಪಾಯ ಮೇಲಕ್ಕೆ ಬಂದಾಗಲೇ ಪಾಲಿಕೆಯವರನ್ನು ಕರೆಸಿ ಪ್ರಾರಂಭಿಕ ಪ್ರಮಾಣಪತ್ರ ಪಡೆಯಬೇಕೆಂಬ ನಿಯಮ ಇರುವುದು ಇಂಥದ್ದು ಸಿಕ್ಕಿಬೀಳಲೆಂದೇ. ಸಣ್ಣ ಮನೆಗಳಲ್ಲಿ ಅದನ್ನು ಕೇಳುವವರೂ ಇಲ್ಲ, ಕೊಡುವವರೂ ಇಲ್ಲ ಎಂಬಂತಾಗಿತ್ತು. ಇವರೂ ಕೇಳಲಿಲ್ಲ.

ಮನೆ ಮುಗಿದ ಮೇಲೆ ಪರಿಶೀಲನೆಗೆ ಬಂದವರು ಗೋಡೆಯಿಂದ ಕಾಂಪೌಂಡಿಗೆ ಟೇಪು ಇಟ್ಟರು. 85 ಸೆಂಟಿಮೀಟರ್. ಮಂಜೂರಾದ ನಕ್ಷೆಗಿಂತ ಶೇ. 5ರೊಳಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಮನ್ನಿಸಲು 2003ರ ಕಟ್ಟಡ ಉಪವಿಧಿಗಳಲ್ಲಿ ಅವಕಾಶವಿತ್ತು. ಇದನ್ನು ಸಣ್ಣ ನಿವೇಶನದ ಮೇಲಿಟ್ಟು ನೋಡಿದರೆ ವಿಚಿತ್ರವಾಗಿ ಕಾಣುತ್ತದೆ. 2100 ಚದರಡಿಗೆ ಶೇ. 5 ಎಂದರೆ 105 ಚದರಡಿ, ಒಂದು ಚಿಕ್ಕ ಕೋಣೆಯಷ್ಟು. ಒಂದು ಮೀಟರಿಗೆ ಶೇ. 5 ಎಂದರೆ ಐದು ಸೆಂಟಿಮೀಟರ್! ಗೋಡೆ ಸ್ವಲ್ಪ ಆಚೀಚೆ ಸರಿದು, ಮೇಲೆ ಗಾರೆ ಕೊಂಚ ದಪ್ಪವಾದರೆ ಮುಗಿದೇಹೋಯಿತು. ಇಲ್ಲಿ ಹದಿನೈದು ಸೆಂಟಿಮೀಟರ್ ಕಡಿಮೆಯಿತ್ತು. ಒಂದು ಚದರಡಿಯೂ ಹೆಚ್ಚು ಕಟ್ಟದವರಿಗೆ ಉಲ್ಲಂಘನೆಯ ಹಣೆಪಟ್ಟಿ ಬಿತ್ತು, ಓಸಿ ನಿಂತಿತು. ಪಕ್ಕದವರ ಮೇಲೆ ದಾವೆ ಹೂಡಿ ಆರಿಂಚು ಬಿಡಿಸಿಕೊಳ್ಳುವುದೋ, ತಮ್ಮ ಗೋಡೆಯನ್ನೇ ಒಡೆಯುವುದೋ? ಅವರು ಎರಡನ್ನೂ ಮಾಡದೆ ಹಾಲುಕ್ಕಿಸಿ ಮನೆಯೊಳಗೆ ಹೋದರು.

ಹಾಗೆ ಒಳಗೆ ಹೋದವರು ಅವರೊಬ್ಬರೇ ಅಲ್ಲ. ನೆರೆಹೊರೆಯಲ್ಲಿ ಎರಡು ಮಹಡಿಗೆ ಮಂಜೂರಾತಿ ಪಡೆದು ನಾಲ್ಕು ಎಬ್ಬಿಸಿದವರು, ಪಕ್ಕದಲ್ಲಿ ಕಿಟಕಿ ತೆಗೆಯಲೂ ಜಾಗ ಬಿಡದವರು ಬೇಕಾದಷ್ಟು ಮಂದಿ ಇದ್ದರು. ಓಸಿ ಇಲ್ಲದೆಯೇ ಕರೆಂಟು, ನೀರು ಎಲ್ಲ ಬರುತ್ತಿದ್ದಾಗ ಅದನ್ನು ಕೇಳಿ ಮೈಮೇಲೆ ಎಳೆದುಕೊಳ್ಳುವುದೇಕೆ? ಅಕ್ರಮ-ಸಕ್ರಮ ಬರುತ್ತದೆಂಬ ಆಸೆ ಬೇರೆ. ವಾಸದ ಕಟ್ಟಡಗಳಲ್ಲಿ ಶೇ. 50ರವರೆಗಿನ ಉಲ್ಲಂಘನೆಯನ್ನು ಸಕ್ರಮ ಮಾಡುವ ನಿಯಮಗಳು 2014ರಲ್ಲಿ ಬಂದವು, 2016ರ ಕೊನೆಯಲ್ಲಿ ಹೈಕೋರ್ಟ್ ಒಪ್ಪಿತು, 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಿತು. ಹೈಕೋರ್ಟ್ ಒಪ್ಪಿದ ಸುದ್ದಿ ತಿಳಿದಾಗ ಈ ಎಂಜಿನಿಯರರ ಕಚೇರಿಗೆ ಹಳೆ ಗಿರಾಕಿಗಳು ಒಬ್ಬೊಬ್ಬರಾಗಿ ಬಂದು ತಮ್ಮ ಮನೆಯ ಶೇಕಡಾವಾರು ಲೆಕ್ಕ ಹಾಕಿಸಿಕೊಂಡು ಹೋದರು. ತಡೆ ಬಿದ್ದ ಮೇಲೆ ಆ ಲೆಕ್ಕದ ಹಾಳೆಗಳು ಅಲ್ಲೇ ಉಳಿದವು.

ಇದೆಲ್ಲ ತಲೆಕೆಳಗಾದದ್ದು 2024ರ ಡಿಸೆಂಬರಿನಲ್ಲಿ, ಉತ್ತರ ಪ್ರದೇಶದ ಮೀರತ್‌ನ ಒಂದು ಅಕ್ರಮ ಕಟ್ಟಡದ ಮೊಕದ್ದಮೆಯಿಂದ. ಸುಪ್ರೀಂ ಕೋರ್ಟ್ ಆ ತೀರ್ಪಿನಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ನಿರ್ದೇಶನ ಕೊಟ್ಟಿತು. ಓಸಿ ತೋರಿಸದೆ ಕರೆಂಟು, ನೀರು, ಒಳಚರಂಡಿಯ ಸಂಪರ್ಕ ಕೊಡಬಾರದು, ಬ್ಯಾಂಕುಗಳೂ ಓಸಿ ನೋಡಿಯೇ ಸಾಲ ಕೊಡಬೇಕು. ಮಾರನೇ ವರ್ಷ ಬೆಂಗಳೂರಿನಲ್ಲಿ ಮುಗಿದ ಮನೆಗಳು ಕಾಯಂ ಮೀಟರಿಲ್ಲದೆ ನಿಂತವು. ಕಟ್ಟುವಾಗ ತೆಗೆದುಕೊಂಡ ತಾತ್ಕಾಲಿಕ ಸಂಪರ್ಕದಲ್ಲೇ, ದುಬಾರಿ ದರ ತೆತ್ತುಕೊಂಡು, ಫ್ರಿಜ್ಜು ಗ್ರೈಂಡರು ಓಡಿಸಿದರು. ಅಷ್ಟು ವರ್ಷ ಯಾರೂ ಕೇಳದಿದ್ದ ಕಾಗದಕ್ಕೆ ಒಮ್ಮೆಲೇ ಸಾಲು ನಿಂತಿತು. ಅದನ್ನು ಕೊಡಬೇಕಾದ ಎಂಜಿನಿಯರುಗಳ ಮುಂದಿದ್ದದ್ದು ನಕ್ಷೆಗೂ ನೆಲಕ್ಕೂ ತಾಳೆಯಿಲ್ಲದ ಕಟ್ಟಡಗಳು. ಸಹಿ ಹಾಕಿದರೆ ಮುಂದೆ ತನಿಖೆ, ಹಾಕದಿದ್ದರೆ ಬಾಗಿಲಲ್ಲಿ ಜನ. ಅವರು ಹಾಕದಿದ್ದುದರಲ್ಲಿ ಆಶ್ಚರ್ಯವೇನಿಲ್ಲ.

ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಾದ ಮೇಲೆ, 2025ರ ಅಕ್ಟೋಬರಿನಲ್ಲಿ ಸರ್ಕಾರ ಕಂಡುಕೊಂಡ ದಾರಿ ವಿನಾಯಿತಿಯದು. 1200 ಚದರಡಿವರೆಗಿನ ನಿವೇಶನದಲ್ಲಿ ನೆಲಮಹಡಿಯ ಮೇಲೆ ಎರಡು, ಇಲ್ಲವೇ ಸ್ಟಿಲ್ಟ್ ಮೇಲೆ ಮೂರು ಮಹಡಿಯ ಮನೆಗೆ ಓಸಿ ಬೇಕಿಲ್ಲ. ಜನಕ್ಕೆ ಉಸಿರು ಬಂತು ನಿಜ. ಆದರೆ ಸೆಟ್‌ಬ್ಯಾಕ್ ಬಿಟ್ಟಿದ್ದಾರೋ ಇಲ್ಲವೋ ಎಂದು ಕಡೆಯಲ್ಲಿ ಒಮ್ಮೆ ಟೇಪು ಹಿಡಿಯುವ ಹಂತವೇ ಆ ಅಳತೆಯ ಮನೆಗಳಿಗೆ ಇಲ್ಲವಾಯಿತು. ಅಕ್ಕಪಕ್ಕ ಮೂರಡಿಯೂ ಇಲ್ಲದ ಗಲ್ಲಿಗಳಲ್ಲಿ ಅದರ ಅಗತ್ಯ ಹೆಚ್ಚೇ ಇತ್ತು.

40×60ರವರಿಗೆ ಈ ವಿನಾಯಿತಿ ಇಲ್ಲ. ಅಂಥವರು ಬಂದರೆ ಈ ಎಂಜಿನಿಯರು ಈಗ ಮೊದಲು ಸರ್ವೆಯವರನ್ನು ಕರೆಸಿ ಟೋಟಲ್ ಸ್ಟೇಷನ್ ಯಂತ್ರದಿಂದ ನಾಲ್ಕೂ ಮೂಲೆ ಅಳೆಸುತ್ತಾರೆ. ಕ್ರಯಪತ್ರದ ಅಳತೆಗೂ ನೆಲದ ಅಳತೆಗೂ ಯಾವುದು ಕಡಿಮೆಯೋ ಅದನ್ನೇ ಇಟ್ಟುಕೊಂಡು ನಕ್ಷೆ ಬರೆಯುತ್ತಾರೆ, ಪಕ್ಕದ ಸೆಟ್‌ಬ್ಯಾಕಿಗೆ ಇನ್ನೊಂದು ನಾಲ್ಕಿಂಚು ಸೇರಿಸಿಯೇ ಗೆರೆ ಎಳೆಯುತ್ತಾರೆ. “ನಾಲ್ಕಿಂಚು ಅಂದ್ರೆ ಮನೆ ಉದ್ದಕ್ಕೂ ಎಷ್ಟು ಜಾಗ ಹೋಗುತ್ತೆ ಲೆಕ್ಕ ಹಾಕಿದ್ದೀರಾ ಸಾರ್?” ಎಂದು ಕೇಳದ ಗಿರಾಕಿಯಿಲ್ಲ. ಹಾಕಿದ್ದೇನೆ ಎನ್ನುತ್ತಾರೆ ಅವರು, ಸರ್ವೆಯವರ ಬಿಲ್ಲನ್ನು ಮುಂದೆ ಸರಿಸುತ್ತಾ.