ಎಂಟರ್ ಒತ್ತೇ ಇರಲಿಲ್ಲ

"ನಾನು ಎಂಟರ್ ಒತ್ತೇ ಇಲ್ಲ ಕಣಯ್ಯಾ, ಪೇಸ್ಟ್ ಮಾಡಿದ್ದಷ್ಟೇ" ಅಂತ ಭಾವ ಫೋನಿನಲ್ಲಿ ಮೂರು ಸಲ ಹೇಳಿದರು. ಮೂರು ಸಲವೂ ನಾನು ನಂಬಲಿಲ್ಲ. ಸಾಫ್ಟ್‌ವೇರ್ ಕೆಲಸದಲ್ಲಿರುವ ನಮಗೆ ಒಂದು ಕೆಟ್ಟ ಚಾಳಿಯಿದೆ. ಬಳಸುವವರು "ನಾನೇನೂ ಮಾಡಲಿಲ್ಲ" ಅಂದರೆ ಏನೋ ಮಾಡಿಯೇ ಇರುತ್ತಾರೆ ಅಂತ ಮನಸ್ಸಿನಲ್ಲೇ ನಕ್ಕುಬಿಡುತ್ತೇವೆ. ಅವತ್ತು ಭಾವ ಹೇಳಿದ್ದು ಅಕ್ಷರಶಃ ನಿಜವಾಗಿತ್ತು.

ಭಾವನದ್ದು ಅರಸೀಕೆರೆಯಲ್ಲೊಂದು ಸಣ್ಣ ಫೋಟೊ ಸ್ಟುಡಿಯೊ. ಮದುವೆ, ನಾಮಕರಣ, ಗೃಹಪ್ರವೇಶದ ಆರ್ಡರುಗಳೇ ಜೀವನ. ಅವರ ಹಳೆಯ ಕಂಪ್ಯೂಟರಿಗೆ ಪದೇಪದೇ ವೈರಸ್ ಹತ್ತುತ್ತಿದ್ದದ್ದು ನೋಡಿ, ಕೆಲವು ವರ್ಷಗಳ ಹಿಂದೆ ನಾನೇ ಅದಕ್ಕೆ ಉಬುಂಟು 18.04 ಹಾಕಿಕೊಟ್ಟಿದ್ದೆ. ಫೋಟೊಗಳೆಲ್ಲ ಒಂದು ಟಿಬಿಯ ಬೇರೆ ಹಾರ್ಡ್ ಡಿಸ್ಕಿನಲ್ಲಿ, ವರ್ಷಕ್ಕೊಂದು ಫೋಲ್ಡರಿನಂತೆ ಇರುತ್ತಿದ್ದವು. ಫೋಟೊ ನೋಡುವ ಸಾಫ್ಟ್‌ವೇರು ಪ್ರತಿ ಚಿತ್ರದ ಸಣ್ಣ ಪ್ರತಿಯೊಂದನ್ನು ಮಾಡಿ ಅದೇ ವರ್ಷದ ಫೋಲ್ಡರಿನೊಳಗೆ ಗುಡ್ಡೆ ಹಾಕುತ್ತದೆ. ಅಳಿಸಿದರೆ ನಷ್ಟವೇನಿಲ್ಲ, ಬೇಕಾದಾಗ ಮತ್ತೆ ತಾನೇ ಮಾಡಿಕೊಳ್ಳುತ್ತದೆ. ಆದರೆ ಬಿಟ್ಟರೆ ಡಿಸ್ಕು ತುಂಬುತ್ತದೆ. ಅದನ್ನು ಅಳಿಸೋದು ಹೇಗೆ ಅಂತ ಭಾವನಿಗೆ ಒಂದು ಪುಟದ ಪಿಡಿಎಫ್ ಮಾಡಿಕೊಟ್ಟಿದ್ದೆ. ಅದರಲ್ಲಿದ್ದ ಮುಖ್ಯ ಸಾಲು ಇದು:

```
rm -rf /mnt/studio/maduve/2023/preview-cache
```

ಇದರಲ್ಲಿ `rm` ಅಂದರೆ ಅಳಿಸು. ಆಮೇಲಿನ `-rf` ಅಂದರೆ ಒಳಗಿರುವ ಎಲ್ಲವನ್ನೂ ಸೇರಿಸಿ ಅಳಿಸು, ಏನನ್ನೂ ಕೇಳಬೇಡ, ಗೊಣಗಬೇಡ ಅಂತ. ಅಲ್ಲಿ `f` ಬೇಕಾಗಿಯೇ ಇರಲಿಲ್ಲ. ಕೈ ಅಭ್ಯಾಸ, ಟೈಪ್ ಮಾಡಿಬಿಟ್ಟಿದ್ದೆ.

ಈ ಹಾಳೆ ಎರಡು ತಿಂಗಳು ಸರಿಯಾಗಿಯೇ ಕೆಲಸ ಮಾಡಿತು. ಆಮೇಲೆ ಅಕ್ಕ ಫೋನ್ ಮಾಡಿ, "ನಿಮ್ಮ ಭಾವನಿಗೆ ಚಾಳೀಸು ಬಂದಿದೆ, ಅಕ್ಷರ ಕಾಣಲ್ಲ, ಸ್ವಲ್ಪ ದೊಡ್ಡದು ಮಾಡಿ ಕಳಿಸೋ" ಅಂದಳು. ಹನ್ನೆರಡು ಪಾಯಿಂಟ್ ಇದ್ದ ಅಕ್ಷರವನ್ನು ಇಪ್ಪತ್ನಾಲ್ಕು ಮಾಡಿದೆ. ಪುಟ ಚೆನ್ನಾಗಿ ಕಾಣುತ್ತಿದೆ ಅನ್ನಿಸಿತು, ಕಳಿಸಿದೆ. ಅಕ್ಷರ ದೊಡ್ಡದಾದಾಗ ಆ ಸಾಲು ಪುಟದ ಅಗಲದಲ್ಲಿ ಹಿಡಿಸದೆ ಎರಡು ತುಂಡಾಗಿತ್ತು. ಮೊದಲ ತುಂಡು `2023/` ಅನ್ನುವಲ್ಲಿಗೆ ಮುಗಿದು, `preview-cache` ಕೆಳಗಿನ ಸಾಲಿಗೆ ಇಳಿದಿತ್ತು. ಓದುವವರ ಕಣ್ಣಿಗೆ ಅದು ಒಂದೇ ವಾಕ್ಯ. ಆದರೆ ಪಿಡಿಎಫ್‌ನಿಂದ ಕಾಪಿ ಮಾಡಿದರೆ ಆ ಮುರಿದ ಜಾಗದಲ್ಲಿ ನಿಜವಾದ ಸಾಲುಮುರಿತದ ಗುರುತೊಂದು ಜೊತೆಗೇ ಬರುತ್ತದೆ. ಹಳೆಯ ಟರ್ಮಿನಲ್ಲಿಗೆ ಆ ಗುರುತಿಗೂ ಎಂಟರ್ ಕೀಲಿಗೂ ವ್ಯತ್ಯಾಸ ಗೊತ್ತಿಲ್ಲ.

ಆಗ 2024ರ ಜನವರಿ ಮೊದಲ ವಾರ. ಧನುರ್ಮಾಸ, ಮದುವೆಗಳಿಲ್ಲದ ಕಾಲ. ಬಿಡುವಾಗಿದೆ, ಡಿಸ್ಕ್ ಖಾಲಿ ಮಾಡೋಣ ಅಂತ ಭಾವ ಕೂತರು. ಎರಡೂ ಸಾಲು ಸೆಲೆಕ್ಟ್ ಮಾಡಿ ಪೇಸ್ಟ್ ಮಾಡಿದರು. ಮೊದಲ ತುಂಡು ತಾನಾಗಿಯೇ ಓಡಿತು. ಎರಡನೆಯದು ಮಾತ್ರ ಎಂಟರಿಗಾಗಿ ಕಾಯುತ್ತಾ ನಿಂತಿತು. ಅವರು ಎಂಟರ್ ಒತ್ತಿದರು. ಪರದೆ ಮೇಲೆ ಬಂದದ್ದು ಇದು:

```
preview-cache: command not found
```

ಇಂಥ ಕಮಾಂಡ್ ಸಿಗಲಿಲ್ಲ ಅಂತ ಅರ್ಥ. ಯಾರೇ ಆದರೂ ಏನಂದುಕೊಳ್ಳುತ್ತಾರೆ? ಕೆಲಸ ಆಗಲಿಲ್ಲ ಅಂತ. ಭಾವ ಇನ್ನೊಂದು ಸಲ ಪೇಸ್ಟ್ ಮಾಡಿದರು, ಮತ್ತದೇ ಉತ್ತರ. ಆಮೇಲೇ ನನಗೆ ಫೋನ್ ಮಾಡಿ, "ನಿನ್ನ ಕಮಾಂಡು ಓಡ್ತಾ ಇಲ್ಲ" ಅಂದರು. ಆ ದೂರು ಎರಡನೇ ತುಂಡಿನದು ಮಾತ್ರ. ಮೊದಲ ತುಂಡು ಓಡಿ ಮುಗಿದಿತ್ತು. ಯಶಸ್ವಿಯಾಗಿ ಅಳಿಸಿದರೆ `rm` ಒಂದಕ್ಷರವನ್ನೂ ಹೇಳುವುದಿಲ್ಲ. ಹನ್ನೊಂದು ಮದುವೆಗಳಿದ್ದ 2023ರ ಇಡೀ ಫೋಲ್ಡರು ಸದ್ದಿಲ್ಲದೆ ಹೋಗಿತ್ತು.

ತುಂಡಾದ ಕಮಾಂಡು ಯಾಕೆ ಇಷ್ಟು ಕೆಟ್ಟದ್ದು ಅಂತ ಅಕ್ಕನಿಗೆ ವಿವರಿಸಿದ ರೀತಿಯಲ್ಲೇ ಹೇಳುತ್ತೇನೆ. ನಾವು ಕಾಗದದ ಮೇಲೆ ವಿಳಾಸ ಬರೆಯುವಾಗ ಹೆಸರು, ಮನೆ ನಂಬರು, ಬೀದಿ, ಊರು, ಜಿಲ್ಲೆ ಹೀಗೆ ಚಿಕ್ಕದರಿಂದ ದೊಡ್ಡದಕ್ಕೆ ಹೋಗುತ್ತೇವೆ. ಕಂಪ್ಯೂಟರಿನ ವಿಳಾಸ ಉಲ್ಟಾ. ಜಿಲ್ಲೆ, ಊರು, ಬೀದಿ, ಮನೆ, ಅಟ್ಟ, ಅಟ್ಟದ ಮೇಲಿನ ರದ್ದಿ ಪೇಪರು ಅಂತ ದೊಡ್ಡದರಿಂದ ಚಿಕ್ಕದಕ್ಕೆ ಇಳಿಯುತ್ತದೆ. ಅದರ ಬಾಲ ಕತ್ತರಿಸಿದರೆ ಉಳಿಯುವುದು ಅರ್ಥವಿಲ್ಲದ ಚೂರಲ್ಲ, ಅದೂ ಒಂದು ಪೂರ್ಣ ವಿಳಾಸವೇ, ಮೊದಲಿಗಿಂತ ದೊಡ್ಡ ಜಾಗದ್ದು. "ಅಟ್ಟದ ಮೇಲಿನ ರದ್ದಿ ಎಸೆದುಬಿಡು" ಅಂತ ಹೇಳಿ ಕಳಿಸಿದ್ದು "ಮನೆ ಎಸೆದುಬಿಡು" ಅಂತ ತಲುಪಿದ ಹಾಗೆ. ಮನುಷ್ಯನಾದರೆ "ಏನ್ ಸಾರ್, ಮನೇನಾ?" ಅಂತ ಒಂದು ಮಾತು ಕೇಳುತ್ತಿದ್ದ. ಕೇಳಬೇಡ ಅಂತ ನಾನೇ `f` ಬರೆದು ಬಾಯಿ ಕಟ್ಟಿದ್ದೆನಲ್ಲ.

ಹೆಸರಿನ ನಡುವೆ ತುಂಡಾಗಿ `prev` ಅಂತಷ್ಟೇ ಉಳಿದಿದ್ದರೆ ಬಚಾವಾಗುತ್ತಿದ್ದೆವು. ಆ ಹೆಸರಿನ ಫೋಲ್ಡರು ಇಲ್ಲ, ಏನೂ ಆಗುತ್ತಿರಲಿಲ್ಲ. ಆದರೆ ಪುಟ ಜೋಡಿಸುವ ಸಾಫ್ಟ್‌ವೇರುಗಳು ಪದದ ನಡುವೆ ಮುರಿಯದೆ, ಓರೆಗೆರೆ ಅಥವಾ ಅಡ್ಡಗೆರೆ ಆದ ಮೇಲೆ ಮುರಿಯುವುದೇ ಹೆಚ್ಚು. ಅಂದರೆ ಅತಿ ಅಪಾಯದ ಜಾಗದಲ್ಲೇ. `rm`ಗೆ ಒಂದು ಕಾವಲು ಇರುವುದೂ ನಿಜ. ಇಡೀ ಕಂಪ್ಯೂಟರಿನ ಬೇರಾದ `/` ಒಂದನ್ನೇ ಕೊಟ್ಟರೆ ಲಿನಕ್ಸಿನ `rm` ಒಪ್ಪುವುದಿಲ್ಲ. ಒಂದು ಮೆಟ್ಟಿಲು ಕೆಳಗಿಳಿದರೆ ಆ ಕಾವಲು ಇಲ್ಲ.

ನಾನೊಬ್ಬನೇ ಹೀಗೆ ಮಾಡಿದವನಲ್ಲ ಅನ್ನುವುದು ಸಮಾಧಾನವೇನಲ್ಲ, ಆದರೂ ಹೇಳುತ್ತೇನೆ. 2011ರಲ್ಲಿ ಬಂಬಲ್‌ಬೀ ಅನ್ನುವ ಲಿನಕ್ಸ್ ಸಾಫ್ಟ್‌ವೇರಿನ ಇನ್‌ಸ್ಟಾಲ್ ಸ್ಕ್ರಿಪ್ಟಿನಲ್ಲಿ ಈ ಸಾಲು ಇತ್ತು:

```
rm -rf /usr /lib/nvidia-current/xorg/xorg
```

`/usr` ಆದ ಮೇಲೆ ಒಂದು ಖಾಲಿ ಜಾಗ ತಪ್ಪಿ ಬಿದ್ದಿತ್ತು. ಅಷ್ಟಕ್ಕೇ ಒಂದು ವಿಳಾಸ ಎರಡಾಯಿತು. ಮೊದಲನೆಯದು ಕಂಪ್ಯೂಟರಿನ ಬಹುಪಾಲು ಪ್ರೋಗ್ರಾಮುಗಳಿರುವ ಫೋಲ್ಡರು. ಇನ್‌ಸ್ಟಾಲ್ ಮಾಡಲು ಹೋದವರ ಸಿಸ್ಟಮ್ಮೇ ಅಳಿಸಿಹೋಯಿತು.

ಭಾವನ ಫೋನು ಬಂದಾಗ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅಂದರೆ, "ಏನೂ ಮುಟ್ಟಬೇಡಿ, ಒಂದು ಫೋಟೊ ಕೂಡ ಕಾಪಿ ಮಾಡಬೇಡಿ, ಮಷೀನ್ ಆಫ್ ಮಾಡಿ" ಅಂದದ್ದು. `rm` ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ. ಆದರೆ ಹಾರ್ಡ್ ಡಿಸ್ಕಿನಲ್ಲಿ ಫೋಟೊದ ಮೈ ತಕ್ಷಣ ಹೋಗುವುದೂ ಇಲ್ಲ. ಎಲ್ಲಿ ಏನಿದೆ ಅನ್ನುವ ಪಟ್ಟಿಯಿಂದ ಹೆಸರು ಹೊಡೆದುಹಾಕಿ, ಆ ಜಾಗ ಖಾಲಿ ಅಂತ ಬರೆಯುತ್ತದೆ, ಅಷ್ಟೆ. ಅದರ ಮೇಲೆ ಹೊಸದೇನಾದರೂ ಬರೆದಾಗಲೇ ಹಳೆಯದು ನಿಜವಾಗಿ ಸಾಯುವುದು. ಇದು ಹಳೇ ಕಾಲದ ತಿರುಗುವ ಡಿಸ್ಕಿನ ಮಾತು. ಈಗಿನ ಎಸ್‌ಎಸ್‌ಡಿಗಳು ಖಾಲಿಯಾದ ಜಾಗವನ್ನು ತಾವೇ ಒರೆಸಿಡುವುದರಿಂದ ಅಲ್ಲಿ ಆಸೆ ಕಡಿಮೆ. ಸದ್ಯ, ಭಾವನದ್ದು ತಿರುಗುವ ಡಿಸ್ಕು.

ಅವತ್ತೇ ರಾತ್ರಿ ಎರಡು ಟಿಬಿಯ ಹೊಸ ಡಿಸ್ಕು ಹಿಡಿದು ಬಸ್ ಹತ್ತಿದೆ. ಹಳೆಯ ಡಿಸ್ಕನ್ನು ಬಿಚ್ಚಿ ನನ್ನ ಲ್ಯಾಪ್‌ಟಾಪಿಗೆ ಹಾಕಿ, ಅದರ ಮೇಲೆ ಏನೂ ಬರೆಯದಂತೆ ಇಟ್ಟುಕೊಂಡು, ಫೋಟೊರೆಕ್ ಅನ್ನುವ ಪುಕ್ಕಟೆ ಸಾಫ್ಟ್‌ವೇರ್ ಓಡಿಸಿದೆ. ಅದು ಪಟ್ಟಿಯನ್ನು ನಂಬದೆ ಡಿಸ್ಕನ್ನು ನೇರವಾಗಿ ಓದುತ್ತಾ, ಫೋಟೊ ಶುರುವಾಗುವ ಗುರುತು ಕಂಡಲ್ಲೆಲ್ಲ ಎತ್ತಿ ಹೊಸ ಡಿಸ್ಕಿಗೆ ಹಾಕುತ್ತದೆ. ಎರಡು ರಾತ್ರಿ ಹಿಡಿಯಿತು. ಹೆಸರುಗಳಿಲ್ಲ, ಫೋಲ್ಡರುಗಳಿಲ್ಲ, ಸಂಖ್ಯೆ ಹೊತ್ತ ಸಾವಿರಾರು ಫೈಲುಗಳ ರಾಶಿ. ಕ್ಯಾಮೆರಾ ಪ್ರತಿ ಫೋಟೊದೊಳಗೇ ತಾರೀಖು ಬರೆದಿರುತ್ತದೆ, ಆದ್ದರಿಂದ ಮದುವೆಗಳನ್ನು ಬೇರೆಬೇರೆ ಮಾಡುವುದು ಸಾಧ್ಯವಾಯಿತು. ಅಕ್ಕ ಪಂಚಾಂಗ ಹಿಡಿದು ಪಕ್ಕದಲ್ಲಿ ಕೂತು, ಯಾವ ಮುಹೂರ್ತ ಯಾರ ಮನೆಯದು ಅಂತ ಹೇಳುತ್ತಾ ಹೋದಳು.

ಎಂಟು ಮದುವೆಗಳ ಆಲ್ಬಂ ಆಗಲೇ ಕೊಟ್ಟಾಗಿತ್ತು. ಮೂರು ಬಾಕಿಯಿದ್ದವು. ಅವುಗಳಲ್ಲಿ ಒಂದು ಮನೆಯವರಿಗೆ ಇಡೀ ಆಲ್ಬಮ್ಮಿಗಿಂತ ಒಂದೇ ಫೋಟೊ ಮುಖ್ಯವಾಗಿತ್ತು. ಮದುಮಗನ ಅಜ್ಜಿ ಧಾರೆಯ ಹೊತ್ತಿನಲ್ಲಿ ಏನಕ್ಕೋ ಬಾಯಿ ತುಂಬ ನಕ್ಕಿದ್ದು. ಮದುವೆಯಾದ ತಿಂಗಳಿಗೆ ಅವರು ತೀರಿಕೊಂಡಿದ್ದರು. ಅದನ್ನು ದೊಡ್ಡದು ಮಾಡಿಸಿ ಫ್ರೇಮ್ ಹಾಕಿಕೊಡಿ ಅಂತ ಹಣವನ್ನೂ ಕೊಟ್ಟುಹೋಗಿದ್ದರು. ಕ್ಯಾಮೆರಾದ ಕಾರ್ಡು ಆಮೇಲೆ ಐದಾರು ಕಡೆ ಬಳಕೆಯಾಗಿತ್ತು. ಬೇರೆ ಪ್ರತಿ ಇರಲಿಲ್ಲ. ಬ್ಯಾಕಪ್ ಯಾಕಿರಲಿಲ್ಲ ಅಂತ ಕೇಳಬೇಡಿ, ಆ ಪ್ರಶ್ನೆಗೂ ಉತ್ತರ ನಾನೇ.

ನಡುವೆ ಆ ಹಾಳೆಯನ್ನು ಹೊಸದಾಗಿ ಬರೆದೆ. ಈಗ ಅದರಲ್ಲಿ ಇರುವುದು ಹೀಗೆ:

```
cd /mnt/studio/maduve/2023 &&
rm -r -I preview-cache
```

ಮೊದಲು ಆ ಫೋಲ್ಡರಿನೊಳಗೆ ಹೋಗು, ಹೋಗಲು ಆದರೆ ಮಾತ್ರ ಅಲ್ಲಿರುವ `preview-cache` ಅಳಿಸು ಅಂತ ಇದರರ್ಥ. `-I` ಇರುವುದರಿಂದ ಅಳಿಸುವ ಮೊದಲು ಒಂದು ಸಲ ಕೇಳುತ್ತದೆ. ನನ್ನ ಲ್ಯಾಪ್‌ಟಾಪಿನಲ್ಲಿ ಇಂಥದ್ದೇ ಸುಳ್ಳು ಫೋಲ್ಡರು ಮಾಡಿ, ಇದನ್ನು ಬೇಕಂತಲೇ ಎಲ್ಲೆಲ್ಲೋ ತುಂಡರಿಸಿ ಓಡಿಸಿ ನೋಡಿದೆ. `rm -r -I` ಅನ್ನುವಲ್ಲಿಗೇ ನಿಂತರೆ, ಯಾವುದನ್ನು ಅಂತ ಹೇಳಿಲ್ಲ ಎಂದು ದೂರುತ್ತದೆ. `preview-` ಅಂತ ನಿಂತರೆ ಅಂಥದ್ದಿಲ್ಲ ಅನ್ನುತ್ತದೆ. `studio/` ಆದ ಮೇಲೆ ಮುರಿದರೆ, ಮುಂದಿನ ಸಾಲಿನ `maduve/2023` ಒಂದು ಫೋಲ್ಡರು, ಕಮಾಂಡಲ್ಲ ಅಂತ ಅಲ್ಲೇ ಸೋಲುತ್ತದೆ. ಅದು ಸೋತದ್ದರಿಂದ `&&` ಆದ ಮೇಲಿನದು ಓಡುವುದೇ ಇಲ್ಲ. ಎಲ್ಲಿ ಕತ್ತರಿಸಿದರೂ ದೊಡ್ಡ ಫೋಲ್ಡರಿನ ಹೆಸರು `rm` ಕಿವಿಗೆ ಬೀಳುವುದಿಲ್ಲ. ಇದನ್ನು ಮೊದಲೇ ಮಾಡಲು ಐದು ನಿಮಿಷ ಸಾಕಿತ್ತು.

ಉಬುಂಟುವನ್ನೂ ಹೊಸದು ಮಾಡಿದೆ. 2020ರ ಕೊನೆಯಲ್ಲಿ ಬಂದ ಬ್ಯಾಶ್ 5.1ರಿಂದೀಚೆಗೆ, ಪೇಸ್ಟ್ ಮಾಡಿದ ಪಠ್ಯದಲ್ಲಿ ಸಾಲುಮುರಿತವಿದ್ದರೂ ಅದು ತಾನಾಗಿ ಓಡುವುದಿಲ್ಲ. ಎಲ್ಲವೂ ಪರದೆಯ ಮೇಲೆ ಕೂತು ನಾವು ಎಂಟರ್ ಒತ್ತುವವರೆಗೆ ಕಾಯುತ್ತದೆ. ಆದರೆ ಕಾಯುವುದಷ್ಟೇ. ಓದದೆ ಒತ್ತಿದರೆ ಅದೇ ಎರಡು ತುಂಡು, ಅದೇ ಗತಿ. ಭಾವ ಈಗ ಏನೇ ಕಳಿಸಿದರೂ ಮೊದಲು ಖಾಲಿ ಟೆಕ್ಸ್ಟ್ ಫೈಲಿನಲ್ಲಿ ಪೇಸ್ಟ್ ಮಾಡಿ, ಚಾಳೀಸು ಹಾಕಿಕೊಂಡು ಕೊನೆಯಿಂದ ಮೊದಲಿಗೆ ಓದುತ್ತಾರೆ. ಬಾಲ ಇದೆಯಾ ನೋಡ್ಬೇಕು ಕಣಯ್ಯಾ ಅಂತಾರೆ.

ಅಜ್ಜಿಯ ಫೋಟೊ ಮೂರನೇ ದಿನ ಬೆಳಿಗ್ಗೆ ಸಿಕ್ಕಿತು. ಅದರ ಮೇಲರ್ಧ ಮಾತ್ರ. ಡಿಸ್ಕಿನಲ್ಲಿ ಆ ಫೈಲು ಎರಡು ಕಡೆ ಹರಿದು ಕೂತಿದ್ದಿರಬೇಕು, ಎದೆಯಿಂದ ಕೆಳಗೆ ಬರೀ ಬೂದು ಬಣ್ಣ. ಭಾವ ಮುಖದಷ್ಟನ್ನೇ ಕತ್ತರಿಸಿ, ಫ್ರೇಮ್ ಹಾಕಿ ತೆಗೆದುಕೊಂಡು ಹೋದರು. ನಡೆದದ್ದನ್ನು ನಾನೇ ಹೇಳುತ್ತೇನೆ ಅಂತ ನಾನೂ ಜೊತೆಗೆ ಹೋದೆ. ಮದುಮಗನ ತಾಯಿ ಪೂರ್ತಿ ಕೇಳಿಸಿಕೊಂಡರು. ಆಮೇಲೆ ಫ್ರೇಮನ್ನು ಸೆರಗಿನಿಂದ ಒರೆಸಿ, "ಹೊಸ ಸೀರೆ ಉಡಿಸಿದ್ವಿ, ಅದು ಕಾಣ್ಲಿಲ್ಲ" ಅಂದರು. ಒಳಗೆ ಹೋಗಿ ಕಾಫಿ ತಂದುಕೊಟ್ಟರು.