ಖಾಲಿ ಕುರ್ಚಿ ಯಾಕೆ ಖಾಲಿ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಕಡೆ ಡಿಗ್ರಿ ಮುಗಿಸಿ, ಬೈಕು ಇಟ್ಟುಕೊಂಡ ಹುಡುಗರಿಗೆ ಮೈಕ್ರೋಫೈನಾನ್ಸ್ ಕಂಪನಿಗಳ ಎಚ್‌ಆರ್‌ ಫೋನು ಬರುವುದುಂಟು. ಫೀಲ್ಡ್ ಆಫೀಸರ್ ಕೆಲಸ, ನಾಳೆಯೇ ಸೇರಬೇಕು. ಸಂಬಳ, ಪೆಟ್ರೋಲು, ಇನ್ಸೆಂಟಿವ್ ಎಷ್ಟು ಎಂದು ಹುಡುಗರು ಕೇಳುತ್ತಾರೆ. ಈ ಜಾಗ ಹೊಸದೋ, ಯಾರೋ ಬಿಟ್ಟು ಹೋದದ್ದೋ ಎಂದು ಕೇಳುವವರು ಕಡಿಮೆ. ಅದೇ ಹುಡುಗ ಅಪ್ಪನ ಜೊತೆ ದನದ ಸಂತೆಗೆ ಹೋದರೆ, ಹಲ್ಲು ನೋಡುವ ಮೊದಲೇ 'ಯಾಕ್ ಮಾರ್ತಿಯಪ್ಪಾ' ಅನ್ನುತ್ತಾನೆ!

ಈ ಕೆಲಸದಲ್ಲಂತೂ ಹಿಂದಿನವನ ಬಾಕಿಯೇ ಹೊಸಬನ ಹಣೆಬರಹ. ಹಿಂದಿನವನ ಕೈಯಲ್ಲಿ 500 ಸದಸ್ಯೆಯರು, ತಲಾ 25 ಸಾವಿರ ಸಾಲ ಉಳಿದಿದೆ ಎಂದುಕೊಳ್ಳಿ: ಒಟ್ಟು 1.25 ಕೋಟಿ. ಆ ಸದಸ್ಯೆಯರಲ್ಲಿ 60 ಜನ ಕಂತು ತಪ್ಪಿಸಿದ್ದಾರೆ. ಅಂದರೆ 15 ಲಕ್ಷ, ನೂರಕ್ಕೆ ಹನ್ನೆರಡು, ಸೇರಿದ ದಿನವೇ ತಲೆಗೆ ಬಂತು. ಕೊಟ್ಟ ಸಾಲ ತನ್ನದಲ್ಲ, ಆದರೂ ವಸೂಲಿಯಾಗದ್ದಕ್ಕೆ ಇನ್ಸೆಂಟಿವ್ ಹೋಗುವುದು ತನ್ನದೇ. ಸಂಜೆ 6ರ ಮೇಲೆ ವಸೂಲಿಗೆ ಹೋಗುವಂತಿಲ್ಲ ಎಂದು ರಿಸರ್ವ್ ಬ್ಯಾಂಕಿನ ನಿಯಮ. 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಕಿರುಕುಳ ತಡೆಗೆ ಸುಗ್ರೀವಾಜ್ಞೆಯನ್ನೂ ತಂದಿತು. ನ್ಯಾಯವಾದದ್ದೇ. ಆದರೆ ಮೇಲಿನವರ ಟಾರ್ಗೆಟ್ಟು ಅದಕ್ಕಾಗಿ ಇಳಿಯುತ್ತದೆಯೇ?

ಜಾಗ ಹೊಸದಾದರೆ ಕಷ್ಟದ ಬಗೆ ಬೇರೆ. ಬಾಕಿ ಇಲ್ಲ, ಆದರೆ ಸಂಘ ಕಟ್ಟುವುದರಿಂದ ಹಿಡಿದು ಎಲ್ಲ ಮೊದಲಿನಿಂದ ಆಗಬೇಕು. ಆಗ ಕೇಳಬೇಕಾದ್ದು, ಎಷ್ಟು ತಿಂಗಳಲ್ಲಿ ಎಷ್ಟು ಸಂಘ, ಅಲ್ಲಿಯವರೆಗೆ ಇನ್ಸೆಂಟಿವ್ ಹೇಗೆ ಅನ್ನುವುದು.

ಎಚ್‌ಆರ್‌ 'ಬಿಸಿನೆಸ್ ಬೆಳೀತಿದೆ' ಅನ್ನುತ್ತಾರೆ. ಬೆಳೆಯಲಿ ಪಾಪ. 'ಹಂಗಾದ್ರೆ ನನಗೆ ಚಾರ್ಜ್ ಕೊಡೋರು ಯಾರು ಮೇಡಂ?' ಎಂದು ಮೆತ್ತಗೆ ಕೇಳಿ. ಹೊಸ ಜಾಗಕ್ಕೆ ಚಾರ್ಜ್ ಕೊಡುವವನೇ ಇರುವುದಿಲ್ಲ. ಹೆಸರು ಬಂತೋ, 'ಅವರು ಈಗ ಎಲ್ಲಿದ್ದಾರೆ?' ಅನ್ನಿ. ಬಡ್ತಿ ಪಡೆದು ಹಡಗಲಿ ಬ್ರ್ಯಾಂಚಿಗೆ ಹೋಗಿದ್ದರೆ ಉತ್ತರ ತಟ್ಟನೆ ಬರುತ್ತದೆ, ಸ್ವಲ್ಪ ಜಂಬದಿಂದಲೇ. 'ಪರ್ಸನಲ್ ರೀಸನ್' ಎಂದು ಮಾತು ಸಂಬಳಕ್ಕೆ ಜಿಗಿದರೆ, ವರ್ಷದಲ್ಲಿ ಆ ಜಾಗಕ್ಕೆ ಎಷ್ಟು ಜನ ಬಂದು ಹೋದರೆಂದೂ ಕೇಳಬೇಕು. ಒಬ್ಬ ಬಿಟ್ಟರೆ ಅದು ಅವನ ಮನೆಯ ವಿಚಾರ. ಮೂವರು ಬಿಟ್ಟರೆ ಬ್ರ್ಯಾಂಚಿನದು.

ಬೆಂಗಳೂರಿನಲ್ಲಿ ಕೂತ ಎಚ್‌ಆರ್‌ಗೆ ನಿಜವಾಗಿಯೂ ಗೊತ್ತಿಲ್ಲದಿರಬಹುದು, ಅವರ ಮುಂದಿರುವುದು ಖಾಲಿ ಜಾಗಗಳ ಪಟ್ಟಿಯಷ್ಟೇ. ಅವರನ್ನು ಹಿಂಡಿ ಫಲವಿಲ್ಲ. ಇಂಟರ್‌ವ್ಯೂನಲ್ಲಿ ಬ್ರ್ಯಾಂಚ್ ಮ್ಯಾನೇಜರನ್ನೇ ಕೇಳಬೇಕು. ಅದಕ್ಕಿಂತ ಮೊದಲು ಸಂಘದಲ್ಲಿರುವ ನಿಮ್ಮ ಓಣಿಯ ಅಕ್ಕನನ್ನು ಕೇಳಿ. ಹಿಂದಿನ ಸರ್ ಯಾಕೆ ಹೋದ, ಹೋಗುವಾಗ ಯಾರ ಕಂತಿನ ದುಡ್ಡು ಪಾಸ್‌ಬುಕ್ಕಿಗೆ ಹತ್ತಲಿಲ್ಲ ಅನ್ನುವುದು ಆಕೆಗೆ ಗೊತ್ತಿರುತ್ತದೆ.

ಇಷ್ಟಾದ ಮೇಲೂ ಸೇರುವುದಾದರೆ ಸೇರಿ, ಮನೆ ನಡೆಯಬೇಕಲ್ಲ. ಮೊದಲ ಕಂತು ಮುಟ್ಟುವ ಮುಂಚೆ ಸದಸ್ಯೆಯರ ಹೆಸರು, ಬಾಕಿ, ಅಂದಿನ ತಾರೀಖು ಇರುವ ಪಟ್ಟಿಗೆ ಮ್ಯಾನೇಜರ ಸಹಿ ಹಾಕಿಸಿಕೊಳ್ಳಿ.