ಹಗೇವು ಅಂದ್ರ ಹಗೆ ಅಲ್ಲವಾ

ನಮ್ಮ ಸಣ್ಣ ನೆಗೆಣ್ಣಿ ಮಿರಜಿನಾಕಿ. ಮುಧೋಳಕ್ಕ ಸೊಸಿಯಾಗಿ ಬಂದು ಎರಡು ವರ್ಷಾತು. ಮಾತು ಚಲೋ ಕಲ್ತಾಳ, ಅಕ್ಷರಾನೂ ಕೂಡಿಸಿ ಓದ್ತಾಳ. ಆದ್ರ ಗೊತ್ತಿಲ್ಲದ ಶಬ್ದ ಬಂತಂದ್ರ, ತನಗ ಗೊತ್ತಿದ್ದ ಯಾವುದರ ಶಬ್ದದಂಗ ಕಂಡ್ರ ಸಾಕು, ಅದ ಅಂತ ತಿಳಕೊಂಡು ಮುಂದ ಹೋಗಿಬಿಡ್ತಿದ್ಲು.

ಹೋದ ದೀಪಾವಳಿ ಮುಂದ ಮಾಡ ಝಾಡಸೂಮುಂದ ನಮ್ಮ ಮಾವಾರು ಬರದಿಟ್ಟ ಹಳೇ ವಹಿ ಸಿಕ್ತು. "ನೀ ಓದವಾ, ನಾ ಕೇಳ್ತೀನಿ" ಅಂದೆ. ಅಕಿ ಓದಿದ್ದು ಇಷ್ಟು:

"ಈ ವರ್ಷ ಜೋಳ ಚಲೋ ಬಂತು. ಮನಿಗೆ ನಾಲ್ಕು ಚೀಲ ಇಟ್ಟುಕೊಂಡು ಉಳಿದದ್ದು ಹಗೇವಿಗೆ ಹಾಕಿಸಿದೆ. ತಳಕ್ಕೂ ಸುತ್ತಲೂ ಕಣಕಿ ಇಟ್ಟು, ಬಾಯಿಗೆ ಹಾಸುಗಲ್ಲು ಮುಚ್ಚಿ ಮಣ್ಣು ಮೆತ್ತಿದೆವು. ಹಗೇವು ತೆಗೆದ ಕೂಡಲೇ ಯಾರೂ ಇಳಿಯಬಾರದು. ಒಂದು ದಿನ ಬಾಯಿ ತೆರೆದಿಟ್ಟು, ಮೊದಲು ದೀಪ ಇಳಿಬಿಟ್ಟು ನೋಡಬೇಕು."

"ಹಗೆ ಅಂದ್ರ ವೈರಿ ಅಲ್ಲೇನ್ರಿ ಅಕ್ಕಾರ? ಮಾವಾರು ವೈರಿಗೆ ಜೋಳಾ ಕೊಟ್ರ?" ಅಂದ್ಲು. ನಗು ಬಂತು, ಆದ್ರ ಅರ್ಥಾ ಹೇಳಲಿಲ್ಲ. "ಆ ಶಬ್ದದ ಮ್ಯಾಲ ಬಟ್ಟ ಇಡು, ಇಲ್ಲೇ ಹುಡುಕೂಣು" ಅಂದೆ.

ಮೊದಲ ಅದರ ಬಾಲಾ ನೋಡಿದ್ವಿ. "ಹಗೇವಿಗೆ" ಅನ್ನೂದರಾಗಿನ "ಗೆ" ತಗದ್ರ ಉಳಿಯೂದು ಹಗೇವು. ವೈರಿ ಆಗಿದ್ರ "ಹಗೆಗೆ" ಅಂತಿತ್ತು, ನಡುವ "ವ" ಬರತಿರಲಿಲ್ಲ. ಆಮ್ಯಾಲ ಅದರ ಕ್ರಿಯಾ ನೋಡಿದ್ವಿ: "ಹಾಕಿಸಿದೆ". ಮನಶ್ಯಾಗ ಜೋಳಾ ಕೊಡ್ತಾರ, ಹಾಕಸೂದು ಯಾವುದರ ಜಾಗಾಕ್ಕ. ಅಲ್ಲಿಗೆ ವೈರಿ ಹೊರಗ ಹೋದ.

"ಎಂಥಾ ಜಾಗಾ?" ಅಂದೆ. ಮನ್ಯಾಗ ನಾಲ್ಕು ಚೀಲ ಇಟ್ಟು, ಉಳಿದದ್ದು ಅಲ್ಲಿ. ಅಂದ್ರ ಕಾಳು ಇಡೂ ಜಾಗಾ. "ಕಾಳಿನ ಖೋಲಿ!" ಅಂದ್ಲು. ಊಹೆ ತಪ್ಪಲ್ಲ, ಆದ್ರ ಅದನ್ನ ಮುಂದಿನ ವಾಕ್ಯದಾಗ ಕೂಡಿಸಿ ನೋಡಬೇಕು. ಖೋಲಿಗೆ ಬಾಗಲಾ ಇರತೈತಿ. ಇದಕ್ಕ ಬಾಯಿ ಐತಿ, ಬಾಯಿಗೆ ಕಲ್ಲ ಐತಿ. ಖೋಲಿ ಕೂಡಲಿಲ್ಲ. "ಹಂಗಾದ್ರ ದೊಡ್ಡ ಹರವಿ?" ಅಂದ್ಲು. ಬಾಯಿ ಕೂಡ್ತು, ಕಲ್ಲೂ ಕೂಡ್ತು. ಆದ್ರ ಆ ಶಬ್ದ ಇನ್ನೊಮ್ಮೆ ಕೆಳಗ ಬಂದೈತಲ್ಲ, ಅಲ್ಲಿ "ಇಳಿಯಬಾರದು" ಅಂತ ಐತಿ. ಹರವ್ಯಾಗ ಯಾರ ಇಳೀತಾರ? ಅಕಿ ತಾನ ಹೇಳಿದ್ಲು: "ನೆಲದಾಗಿನ ಕುಣಿ."

ಕಡೀಕ ಹಗೇವು ಇದ್ದಲ್ಲೆಲ್ಲಾ "ಕಾಳಿನ ಕುಣಿ" ಅಂತ ಇಟ್ಟು ಪೂರ್ತಿ ಓದಿಸಿದೆ. ಎಲ್ಲೂ ತೊಡರಲಿಲ್ಲ. ಹಂಗ ಓದಿದ್ರ ತಿಳೀತೈತಿ ಊಹೆ ಖರೇನೋ ಸುಳ್ಳೋ. ಒಂದ ವಾಕ್ಯಕ್ಕ ಹೊಂದಿದ್ರ ಸಾಲದು, ಎಲ್ಲಾದಕ್ಕೂ ಹೊಂದಬೇಕು.

"ಅಯ್ಯ, ಇದಕ್ಕ ನಮ್ಮ ಕಡೆ ಪೇವ ಅಂತಾರ್ರಿ!" ಅಂದ್ಲು. ಮರಾಠಿ ಶಬ್ದ ಕಡೀಕ ಬಂತು, ಬರೂದೂ ಕಡೀಕ ಚಲೋ. ಶಬ್ದದ ಮಾರಿ ನೋಡಿ ಹೊಂಟ್ರ ವೈರಿ ಸಿಗ್ತಾನ.

"ಕಣಕಿ" ಅಕಿಗೆ ಗೊತ್ತಿರಲಿಲ್ಲ. ಅದನ್ನ ನಾವು ಹುಡುಕಲಿಲ್ಲ. ಕಾಳಿಗೆ ಮಣ್ಣಿನ ಹಸಿ ತಾಗಬಾರದಂತ ಸುತ್ತಲೂ ಇಡೂದು ಏನೋ ಅಂತ ತಿಳದ್ರ ಆ ಸಾಲು ನಡೀತೈತಿ. ಎಲ್ಲಾ ಶಬ್ದಕ್ಕೂ ನಿಂತ್ರ ಓದು ಮುಗಿಯೂದಿಲ್ಲ.

ಆದ್ರ "ಇಳಿಯಬಾರದು" ಅಂಬೂ ಸಾಲಿಗೆ ಊಹೆ ಸಾಲದು. ಯಾಕ ಇಳೀಬಾರದು, ದೀಪ ಯಾಕ, ಅನ್ನೂದು ವಹ್ಯಾಗ ಇಲ್ಲ. ಸುತ್ತಲಿನ ವಾಕ್ಯ ಹೇಳದಿದ್ದದ್ದನ್ನ ಅಲ್ಲಿಂದ ಹಿಂಡಾಕ ಬರೂದಿಲ್ಲ, ಕೇಳಬೇಕಾಗತೈತಿ. ಅತ್ತೀನ್ನ ಕೇಳಿದ್ವಿ. "ಮುಚ್ಚಿದ ಹಗೇವಿನಾಗ ಗಾಳಿ ಕೆಟ್ಟಿರತೈತಿ, ಇಳದಾಂವ ಉಸಿರು ಕಟ್ಟಿ ಬೀಳ್ತಾನ. ದೀಪ ಆರಿದ್ರ ಒಳಗ ಉಸಿರಾಡೂ ಗಾಳಿ ಇಲ್ಲಂತ" ಅಂದ್ರು.

ಆವಾಗ ನನಗ ನೆಪ್ಪಾತು. ನಮ್ಮ ಹಿತ್ತಲದಾಗಿನ ಹಾಸುಗಲ್ಲು ಮರುದಿನ ತಗಸಾವ್ರಿದ್ರು. ಕೆಳಗ ಇರೂದು ಅದ ಹಗೇವು. ಒಳಗಿನ ಕಸಾ ತಗ್ಯಾಕ ಒಬ್ಬಾಂವನ್ನ ಇಳಸೂದು ಅಂತ ಗಂಡಸರು ಮಾತಾಡಿದ್ದು ನಾನೂ ಕೇಳಿದ್ದೆ, ಸುಮ್ಮನಿದ್ದೆ. ಅವತ್ತ ರಾತ್ರಿ ಊಟಕ್ಕ ಕುಂತಾಗ ನನ್ನ ನೆಗೆಣ್ಣಿ ವಹಿ ತಂದು, ಆ ಸಾಲು ಎಲ್ಲಾರ ಮುಂದ ಓದಿದ್ಲು. ದೀಪ ನಂಬಿಯೂ ಇಳಿಯೂದು ಬ್ಯಾಡ ಅಂತ ಆತು, ಯಾಕಂದ್ರ ದೀಪ ಉರದ್ರೂ ಬ್ಯಾರೆ ಕೆಟ್ಟ ಗಾಳಿ ಇರಬಹುದು. ಮರುದಿನ ಕಲ್ಲು ತಗದು, ಯಾರನ್ನೂ ಇಳಸದ ಮ್ಯಾಲಿಂದನ ಮಣ್ಣು ತುಂಬಿಸಿದ್ರು.

ಈಗ ಅಕಿ ಪೇಪರ ಓದೂಮುಂದ ಬಟ್ಟ ಇಟ್ಟು ಕುಂದರ್ತಾಳ. ಎಲ್ಲಾ ಶಬ್ದಕ್ಕೂ ನನ್ನ ಕರ್ಯೂದಿಲ್ಲ. ಔಷಧದ ಚೀಟಿ, ಬ್ಯಾಂಕಿನ ಕಾಗದ, "ಮಾಡಬಾರದು" ಅಂಬೂ ಸಾಲು ಬಂದ್ರ ಮಾತ್ರ, "ಅಕ್ಕಾರ, ನಾ ಹಿಂಗ ತಿಳ್ಕೊಂಡೀನಿ, ಖರೇ ಏನ್ರಿ?" ಅಂತ ಕೇಳ್ತಾಳ.